ಅಮೆರಿಕಾದಲ್ಲಿ ಗೇಟು ಇಳಿಸಿದ್ರು, ಒಣಗಿದ್ದು ಯಾರ ಗದ್ದೆ?

2022ರ ಮೇ 4, ಬುಧವಾರ. ಆ ದಿನ ಮಧ್ಯಾಹ್ನದ ನಮ್ಮ ಬುಲೆಟಿನ್‌ಗೆ ಒಂದೇ ಸುದ್ದಿ ಸಾಕಿತ್ತು. ಎಲ್‌ಐಸಿ ಷೇರು ಸಾಮಾನ್ಯ ಜನರಿಗೆ ಮಾರಾಟಕ್ಕೆ ತೆರೆದುಕೊಂಡಿದ್ದು ಅವತ್ತೇ. ಮನೆಮನೆಯಲ್ಲೂ ಪಾಲಿಸಿ ಇರೋ ಕಂಪನಿ. ಜನ್ಮದಲ್ಲಿ ಡಿಮ್ಯಾಟ್ ಖಾತೆ ಮುಖ ನೋಡದವರೂ ಖಾತೆ ತೆರೆದು ಕಾಯ್ತಿದ್ರು. ನಾನು ಮೇಕಪ್ ಮುಗಿಸಿ ಕುರ್ಚಿಯಲ್ಲಿ ಕೂತಿದ್ದೆ. ಅಷ್ಟರಲ್ಲಿ ಡೆಸ್ಕ್‌ನಿಂದ ಕೂಗು ಬಂತು: ರಿಸರ್ವ್ ಬ್ಯಾಂಕ್ ಗವರ್ನರ್ ಎರಡು ಗಂಟೆಗೆ ಮಾತಾಡ್ತಾರಂತೆ!

ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಬಡ್ಡಿದರ ತೀರ್ಮಾನ ಮಾಡೋ ಸಮಿತಿಯ ಸಭೆ ಇದ್ದದ್ದು ಜೂನ್‌ನಲ್ಲಿ. ಆದರೆ ಶಕ್ತಿಕಾಂತ ದಾಸ್ ತೆರೆ ಮೇಲೆ ಬಂದ್ರು, ಸಮಿತಿ ಮುಂಚಿತವಾಗಿಯೇ ಸಭೆ ಸೇರಿದೆ ಅಂದ್ರು, ರೆಪೋ ದರವನ್ನ ಶೇಕಡಾ 4ರಿಂದ 4.40ಕ್ಕೆ ಏರಿಸಿದ್ದೇವೆ ಅಂದ್ರು. ಪೇಟೆ ಮುಚ್ಚೋ ಹೊತ್ತಿಗೆ ಸೆನ್ಸೆಕ್ಸ್ ಸುಮಾರು 1,300 ಅಂಶ ಕೆಳಗಿತ್ತು. ಅವತ್ತೇ ರಾತ್ರಿ, ನಮ್ಮ ಗಡಿಯಾರದಲ್ಲಿ ಹನ್ನೊಂದೂವರೆಗೆ, ಅಮೆರಿಕಾದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಕೂಡ ಅರ್ಧ ಪರ್ಸೆಂಟ್ ಬಡ್ಡಿ ಏರಿಸಿತು.

ಬುಲೆಟಿನ್ ಮುಗಿದ ಮೇಲೆ ನಮ್ಮ ಕ್ಯಾಮೆರಾ ಹುಡುಗ ಹತ್ತಿರ ಬಂದ. ಮಳವಳ್ಳಿ ಕಡೆಯವನು. ಮುಖ ಸಪ್ಪಗಿತ್ತು.

"ಸಾರ್, ಒಂದು ಮಾತು. ಬೆಲೆ ಏರಿದ್ರೆ ಬಿಟ್‌ಕಾಯಿನ್ ಏರುತ್ತೆ ಅಂದಿದ್ರಲ್ವಾ? ಬೆಲೆ ಏರ್ತಾನೇ ಇದೆ. ಅದು ಮಾತ್ರ ಇಳೀತಿದೆ."

"ಎಷ್ಟು ಹಾಕಿದ್ದೀಯಪ್ಪಾ?"

"ದೀಪಾವಳಿ ವಾರದಲ್ಲಿ ಎರಡು ಲಕ್ಷ ಸಾರ್. ಅಪ್ಪ ಬೋರ್‌ವೆಲ್ ಕೊರೆಸೋಕೆ ಇಟ್ಟಿದ್ದ ದುಡ್ಡು."

ನಾನು ಉತ್ತರ ಕೊಡಲಿಲ್ಲ. ಕೊಡೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಹಾಗೆ ಅಂದಿದ್ದು ಬೇರೆ ಯಾರೋ ಅಲ್ಲ. ಅದೇ ಸ್ಟುಡಿಯೋದಲ್ಲಿ, ಅವನು ಹಿಡಿದ ಕ್ಯಾಮೆರಾದ ಮುಂದೆ, 2021ರ ಅಕ್ಟೋಬರ್‌ನಲ್ಲಿ ಒಬ್ಬ ಅತಿಥಿಯನ್ನ ಕೂರಿಸಿಕೊಂಡು ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದು ನಾನೇ. "ಹಣದುಬ್ಬರಕ್ಕೆ ಡಿಜಿಟಲ್ ಚಿನ್ನವೇ ಮದ್ದು" ಅಂತ ಕೆಳಗೆ ಪಟ್ಟಿ ಓಡ್ತಿತ್ತು. ಎದುರು ಪ್ರಶ್ನೆ ಕೇಳಬೇಕಾಗಿದ್ದವನು ನಾನು. ಕೇಳಲಿಲ್ಲ. ಅವತ್ತು ಕೇಳದ ಪ್ರಶ್ನೆಗೆ ಈ ಅಧ್ಯಾಯದಲ್ಲಿ ಉತ್ತರ ಹುಡುಕ್ತೀನಿ. ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಗೇಟು ಎತ್ತಿದ ಭಾನುವಾರ

2020ರ ಮಾರ್ಚ್ ನಿಮಗೆಲ್ಲ ನೆನಪಿದೆ. ಕೊರೊನಾ ಹೆದರಿಕೆ. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇಕಡಾ 13ರಷ್ಟು ಬಿತ್ತು. ಅದಕ್ಕೂ ಹತ್ತು ದಿನ ಮುಂಚೆ ಬಿಟ್‌ಕಾಯಿನ್ ಸುಮಾರು 8,000 ಡಾಲರ್‌ನಿಂದ ಒಂದೇ ದಿನದಲ್ಲಿ 5,000ಕ್ಕಿಂತ ಕೆಳಕ್ಕೆ ಜಾರಿತ್ತು. ಸರ್ಕಾರ, ಬ್ಯಾಂಕು ಯಾವುದಕ್ಕೂ ಸೇರದ, ಸ್ವತಂತ್ರ ದುಡ್ಡು ಅಂತ ಕರೆಸಿಕೊಂಡಿದ್ದು ಎಲ್ಲರ ಜೊತೆಗೇ ಬಿದ್ದಿತ್ತು, ಎಲ್ಲರಿಗಿಂತ ಜೋರಾಗಿ ಬಿದ್ದಿತ್ತು. ಇದನ್ನ ನಾವು ಅವತ್ತೇ ಗಮನಿಸಬೇಕಿತ್ತು.

ಮಾರ್ಚ್ 15, ಭಾನುವಾರ. ಫೆಡ್ ಅಧ್ಯಕ್ಷ ಜೆರೋಮ್ ಪೊವೆಲ್ ಬಡ್ಡಿದರವನ್ನ ಹೆಚ್ಚೂಕಡಿಮೆ ಸೊನ್ನೆಗೆ ಇಳಿಸಿದ್ರು. ಜೊತೆಗೆ ಕನಿಷ್ಠ 700 ಬಿಲಿಯನ್ ಡಾಲರ್ ಬಾಂಡ್ ಖರೀದಿ ಮಾಡ್ತೀವಿ ಅಂದ್ರು. ಎಂಟು ದಿನಕ್ಕೆ ಆ ಮಿತಿಯನ್ನೂ ತೆಗೆದುಹಾಕಿದ್ರು, ಎಷ್ಟು ಬೇಕೋ ಅಷ್ಟು ಖರೀದಿ ಅಂತ. ಕೇಂದ್ರ ಬ್ಯಾಂಕ್ ಬಾಂಡ್ ಕೊಳ್ಳೋದು ಅಂದ್ರೆ ಹೊಸದಾಗಿ ದುಡ್ಡು ಸೃಷ್ಟಿಸಿ ಬ್ಯಾಂಕಿಂಗ್ ವ್ಯವಸ್ಥೆಗೆ ಬಿಡೋದು. ಸುಮಾರು 4 ಲಕ್ಷ ಕೋಟಿ ಡಾಲರ್ ಇದ್ದ ಫೆಡ್‌ನ ಆಸ್ತಿ ಪಟ್ಟಿ ಎರಡು ವರ್ಷದಲ್ಲಿ ಹತ್ತಿರ ಹತ್ತಿರ 9 ಲಕ್ಷ ಕೋಟಿ ಡಾಲರ್ ಆಯ್ತು. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಮೇ ತಿಂಗಳ ಹೊತ್ತಿಗೆ ರೆಪೋ ದರವನ್ನ 5.15ರಿಂದ 4ಕ್ಕೆ ತಂದಿತ್ತು.

ಈಗ ನಮ್ಮ ಕ್ಯಾಮೆರಾ ಹುಡುಗನ ಊರನ್ನೇ ತಗೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕೆಆರ್‌ಎಸ್‌ನಲ್ಲಿ ಗೇಟು ಎತ್ತಿದ್ರೆ ನೀರು ಮೊದಲು ಅಣೆಕಟ್ಟಿನ ಹತ್ತಿರದ ಗದ್ದೆಗೆ. ಅಲ್ಲಿ ತುಂಬಿ, ಆಮೇಲೆ ಮುಂದಕ್ಕೆ. ಕೊನೇ ಗದ್ದೆಗೆ ನೀರು ತಲುಪಬೇಕಾದ್ರೆ ನಾಲೆ ತುಂಬಿ ಹರೀಬೇಕು. ಗೇಟು ಇಳಿಸಿದ ದಿನ ಮೊದಲು ಒಣಗೋದೂ ಅದೇ ಕೊನೇ ಗದ್ದೆ.

ದುಡ್ಡಿನ ನಾಲೆಯೂ ಹಾಗೇ. ಅಣೆಕಟ್ಟಿನ ಪಕ್ಕದಲ್ಲಿ ಸರ್ಕಾರಿ ಬಾಂಡು, ಬ್ಯಾಂಕಿನ ಎಫ್‌ಡಿ. ಅದಾದ ಮೇಲೆ ಲಾಭ ಮಾಡ್ತಿರೋ ದೊಡ್ಡ ಕಂಪನಿಗಳ ಷೇರು. ಆಮೇಲೆ ಮುಂದೆಂದೋ ಲಾಭ ಮಾಡ್ತೀವಿ ಅನ್ನೋ ಟೆಕ್ ಕಂಪನಿಗಳು. ಕಟ್ಟಕಡೆಯಲ್ಲಿ ಬಿಟ್‌ಕಾಯಿನ್, ಅದರಾಚೆಗೆ ಹೆಸರೂ ಕೇಳಿರದ ಸಾವಿರಾರು ಕಾಯಿನ್‌ಗಳು. 2020-21ರಲ್ಲಿ ನಾಲೆ ಎಷ್ಟು ತುಂಬಿ ಹರೀತು ಅಂದ್ರೆ ತಮಾಷೆಗೆ ನಾಯಿ ಚಿತ್ರ ಹಾಕಿ ಮಾಡಿದ ಕಾಯಿನ್‌ಗೂ ನೀರು ಹೋಯ್ತು.

ನೂರು ರೂಪಾಯಿ ಲೆಕ್ಕ

ಆದ್ರೆ ಬಡ್ಡಿಗೂ ಷೇರಿನ ಬೆಲೆಗೂ ಏನು ಸಂಬಂಧ? ಸಣ್ಣ ಲೆಕ್ಕ ಮಾಡೋಣ, ಪೆನ್ನು ಕಾಗದ ಬೇಡ.

ಯಾರೋ ನಿಮಗೆ ಹೇಳ್ತಾರೆ: ಒಂದು ವರ್ಷ ಬಿಟ್ಟು 100 ರೂಪಾಯಿ ಕೊಡ್ತೀನಿ. ಇವತ್ತು ಆ ಮಾತಿಗೆ ನೀವು ಎಷ್ಟು ಕೊಡ್ತೀರಿ? ಬ್ಯಾಂಕಿನಲ್ಲಿ ಬಡ್ಡಿ ಶೇಕಡಾ 1 ಇದ್ರೆ 99 ರೂಪಾಯಿ ಕೊಡಬಹುದು. ಯಾಕಂದ್ರೆ 99 ರೂಪಾಯಿ ಬ್ಯಾಂಕಲ್ಲಿ ಇಟ್ಟರೂ ವರ್ಷಕ್ಕೆ 100 ಆಗುತ್ತೆ. ಬಡ್ಡಿ ಶೇಕಡಾ 4 ಆದ್ರೆ? ಆಗ 96 ಕೊಡ್ತೀರಿ. ವ್ಯತ್ಯಾಸ ಮೂರು ರೂಪಾಯಿ, ದೊಡ್ಡದೇನಲ್ಲ.

ಈಗ ಅದೇ ವ್ಯಕ್ತಿ ಹತ್ತು ವರ್ಷ ಬಿಟ್ಟು 100 ರೂಪಾಯಿ ಕೊಡ್ತೀನಿ ಅಂತಾನೆ. ಬಡ್ಡಿ 1 ಇದ್ದಾಗ ಆ ಮಾತಿಗೆ ಇವತ್ತಿನ ಬೆಲೆ ಸುಮಾರು 90 ರೂಪಾಯಿ. ಬಡ್ಡಿ 4 ಆದಾಗ ಸುಮಾರು 67 ರೂಪಾಯಿ. ಕೊಡೋನು ಅದೇ ಮನುಷ್ಯ, ಕೊಡೋದು ಅದೇ 100 ರೂಪಾಯಿ. ಅವನು ಮಾತು ತಪ್ಪಿಲ್ಲ, ದಿವಾಳಿ ಆಗಿಲ್ಲ. ಆದ್ರೂ ಅವನ ಮಾತಿನ ಬೆಲೆಯಲ್ಲಿ ಕಾಲು ಭಾಗ ಹೋಯ್ತು.

ಇದು ನಾನು ಸುಮ್ಮನೆ ಆರಿಸಿಕೊಂಡ ಅಂಕಿ ಅಲ್ಲ. ಅಮೆರಿಕಾ ಸರ್ಕಾರದ ಹತ್ತು ವರ್ಷದ ಬಾಂಡಿನ ಬಡ್ಡಿ 2021ರ ಆರಂಭದಲ್ಲಿ ಶೇಕಡಾ 1ರ ಹತ್ತಿರ ಇತ್ತು, 2022ರ ಅಕ್ಟೋಬರ್‌ನಲ್ಲಿ 4 ದಾಟಿತ್ತು. ಇವತ್ತೇ ಲಾಭ ಹಂಚೋ ಕಂಪನಿ ಒಂದು ವರ್ಷದ ಮಾತು ಇದ್ದ ಹಾಗೆ. ಹತ್ತು ವರ್ಷ ಆದ ಮೇಲೆ ಲಾಭ ಅನ್ನೋ ಟೆಕ್ ಕಂಪನಿ ಹತ್ತು ವರ್ಷದ ಮಾತು. ಹಾಗಾಗಿಯೇ ಬಡ್ಡಿ ಏರಿದ್ರೆ ಮೊದಲು ಕೆಳಗೆ ಬೀಳೋದು ಟೆಕ್ ಷೇರು. 2022ರಲ್ಲಿ ಬೆಂಗಳೂರಿನ ಸ್ಟಾರ್ಟಪ್‌ಗಳಿಗೆ ಬಂಡವಾಳ ಬತ್ತಿಹೋಗಿ ಸಾಲು ಸಾಲು ಹುಡುಗರು ಕೆಲಸ ಕಳ್ಕೊಂಡ್ರಲ್ಲ, ಅದರ ಬೇರು ಕೂಡ ಹೆಚ್ಚಿನ ಪಾಲು ಈ ಲೆಕ್ಕದಲ್ಲೇ ಇದೆ.

ಹಾಗಾದ್ರೆ ಬಿಟ್‌ಕಾಯಿನ್ ಎಷ್ಟು ವರ್ಷದ ಮಾತು? ಯೋಚನೆ ಮಾಡಿ. ಅದು ಬಡ್ಡಿ ಕೊಡಲ್ಲ, ಲಾಭಾಂಶ ಕೊಡಲ್ಲ, ಬಾಡಿಗೆ ಕೊಡಲ್ಲ. ಮುಂದೆ ಬರೋನು ಹೆಚ್ಚು ಕೊಡ್ತಾನೆ ಅನ್ನೋ ನಂಬಿಕೆ ಒಂದೇ ಅದರ ಆದಾಯ. ಬ್ಯಾಂಕು ಏನೂ ಕೊಡದೇ ಇರೋವಾಗ ಏನೂ ಕೊಡದ ವಸ್ತು ಇಟ್ಕೊಂಡ್ರೂ ನಷ್ಟ ಇಲ್ಲ. ಅಮೆರಿಕಾ ಸರ್ಕಾರವೇ ಶೇಕಡಾ 4 ಕೊಡ್ತೀನಿ ಅಂದಾಗ, ಏನೂ ಕೊಡದ್ದನ್ನ ಇಟ್ಕೊಳ್ಳೋದಕ್ಕೆ ಪ್ರತಿ ವರ್ಷ 4 ರೂಪಾಯಿ ಬಿಟ್ಟುಕೊಟ್ಟ ಹಾಗೆ.

ಒಂದೇ ದಿನ ಎರಡು ದಾಖಲೆ

ಈಗ ನನ್ನನ್ನ ಅತಿಯಾಗಿ ಕಾಡಿದ ದಿನಾಂಕಕ್ಕೆ ಬರ್ತೀನಿ. 2021ರ ನವೆಂಬರ್ 10.

ಆ ದಿನ ಅಮೆರಿಕಾದ ಹಣದುಬ್ಬರದ ಅಂಕಿ ಬಂತು: ಶೇಕಡಾ 6.2. ಮೂವತ್ತು ವರ್ಷದಲ್ಲಿ ಅಷ್ಟು ಏರಿದ್ದಿಲ್ಲ. ಅದೇ ದಿನ ಬಿಟ್‌ಕಾಯಿನ್ 69,000 ಡಾಲರ್ ಹತ್ತಿರಕ್ಕೆ ಹೋಯ್ತು, ಅಲ್ಲಿವರೆಗಿನ ದಾಖಲೆ. ನೋಡಿದ್ರಾ, ಹಣದುಬ್ಬರ ಏರಿದ್ರೆ ಬಿಟ್‌ಕಾಯಿನ್ ಏರುತ್ತೆ ಅಂತ ಎಲ್ಲರೂ ಕುಣಿದ್ರು. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಕಾಯಿನ್ ಹುಟ್ಟೋದೇ ಇಲ್ಲ, ಸರ್ಕಾರ ನೋಟು ಅಚ್ಚು ಹಾಕಿದಷ್ಟೂ ಇದರ ಬೆಲೆ ಏರಲೇಬೇಕು. ಇದು ವಾದ. ಕೇಳೋಕೆ ಚೆನ್ನಾಗಿದೆ.

ಆದ್ರೆ ಅದೇ ದಿನ ಸಂಜೆಯಿಂದ ಅದು ಇಳಿಯೋಕೆ ಶುರುವಾಯ್ತು. ಹಣದುಬ್ಬರ ಮಾತ್ರ ಏರ್ತಾನೇ ಹೋಯ್ತು. ಡಿಸೆಂಬರ್‌ನಲ್ಲಿ 7, 2022ರ ಜೂನ್‌ನಲ್ಲಿ 9.1. ಮದ್ದು ಅಂದಿದ್ದು ಕಾಯಿಲೆ ಜಾಸ್ತಿಯಾದಷ್ಟೂ ಸೋತುಹೋಯ್ತು.

ಎಡವಿದ್ದೆಲ್ಲಿ? ಕಾಯಿನ್ ಎಷ್ಟಿದೆ ಅನ್ನೋದಕ್ಕೆ ಮಿತಿ ಇತ್ತು, ನಿಜ. ಆದ್ರೆ ಬೆಲೆ ನಿರ್ಧಾರ ಆಗೋದು ಕೊಳ್ಳೋರ ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನೋದರ ಮೇಲೆ. ಆ ದುಡ್ಡು ಬಂದಿದ್ದು ಫೆಡ್‌ನ ಗೇಟಿನಿಂದ. ಹಣದುಬ್ಬರ ಏರಿದೆ ಅಂದ ತಕ್ಷಣ ಪೇಟೆ ಕೇಳೋದು ತರಕಾರಿ ಎಷ್ಟು ತುಟ್ಟಿ ಆಯ್ತು ಅಂತ ಅಲ್ಲ. ಇದನ್ನ ನೋಡಿ ಕೇಂದ್ರ ಬ್ಯಾಂಕ್ ಏನು ಮಾಡುತ್ತೆ ಅಂತ. 2021ರ ಉದ್ದಕ್ಕೂ ಫೆಡ್ ಈ ಬೆಲೆ ಏರಿಕೆ ತಾತ್ಕಾಲಿಕ ಅಂತಿತ್ತು. ಹಾಗಾಗಿ ಗೇಟು ಇಳಿಯಲ್ಲ ಅಂತ ಎಲ್ಲರೂ ನಂಬಿದ್ರು, ಹಣದುಬ್ಬರವೂ ಏರಿತು, ಬಿಟ್‌ಕಾಯಿನ್ನೂ ಏರಿತು. ನವೆಂಬರ್ 30ರಂದು ಪೊವೆಲ್ ಅಮೆರಿಕಾದ ಸೆನೆಟ್ ಸಮಿತಿ ಮುಂದೆ, ತಾತ್ಕಾಲಿಕ ಅನ್ನೋ ಆ ಪದವನ್ನ ಇನ್ನು ಕೈಬಿಡೋ ಹೊತ್ತು ಬಂದಿದೆ ಅಂದ್ರು. ಒಂದು ಪದ ಹಿಂದಕ್ಕೆ ತಗೊಂಡ್ರು, ಅಷ್ಟೇ. ಬಡ್ಡಿ ಇನ್ನೂ ಸೊನ್ನೆಯಲ್ಲೇ ಇತ್ತು.

ಒಂದು ಪದಕ್ಕೆ ಅಷ್ಟು ಭಯ ಯಾಕೆ? ಅದಕ್ಕೆ ಹಳೇ ಕಥೆ ಇದೆ. 1970ರ ದಶಕದಲ್ಲಿ ಫೆಡ್ ಬಡ್ಡಿ ಏರಿಸೋದು, ಜನ ಬೈದ್ರೆ ಬೇಗ ಇಳಿಸೋದು ಹೀಗೇ ಮಾಡ್ತಾ ಬಂತು. 1980ರ ಹೊತ್ತಿಗೆ ಹಣದುಬ್ಬರ ಶೇಕಡಾ 14 ದಾಟಿತ್ತು. ಆಗ ಅಧ್ಯಕ್ಷರಾಗಿದ್ದ ಪಾಲ್ ವೋಲ್ಕರ್ ಬಡ್ಡಿಯನ್ನ ಶೇಕಡಾ 20ರ ಹತ್ತಿರಕ್ಕೆ ಒಯ್ದ್ರು. ಉದ್ಯೋಗ ಹೋದವು, ಮನೆ ಕಟ್ಟೋದು ನಿಂತಿತು, ಆರ್ಥಿಕ ಹಿಂಜರಿತ ಬಂತು. ಹಣದುಬ್ಬರ ಮಾತ್ರ ಮಣಿಯಿತು. ಆವತ್ತಿಂದ ಪೇಟೆಗೆ ಒಂದು ವಿಷಯ ಗೊತ್ತು: ಕೇಂದ್ರ ಬ್ಯಾಂಕ್ ಮನಸ್ಸು ಮಾಡಿದ್ರೆ ಯಾರ ಮುಲಾಜೂ ನೋಡಲ್ಲ.

ಏಟು ಬಿದ್ದಿದ್ದು ಏರಿಸೋಕೆ ಮುಂಚೆ

ಇಲ್ಲಿ ನಮ್ಮಂಥ ಟಿವಿಯವರು ಮಾಡೋ ದೊಡ್ಡ ತಪ್ಪು ಹೇಳಿಬಿಡ್ತೀನಿ. ಬಡ್ಡಿ ಏರಿಸಿದ ದಿನ ನಾವು ಕೆಂಪು ಬಾಣ ಹಾಕಿ ಕೂಗ್ತೀವಿ. ಆದ್ರೆ 2022ರಲ್ಲಿ ಫೆಡ್ ಮೊದಲ ಬಾರಿ ಬಡ್ಡಿ ಏರಿಸಿದ ಮಾರ್ಚ್ 16ರಂದು ನಾಸ್ಡಾಕ್ ಸೂಚ್ಯಂಕ ಶೇಕಡಾ 3ಕ್ಕೂ ಹೆಚ್ಚು ಏರಿತ್ತು. ಬೀಳಲಿಲ್ಲ!

ಬಿದ್ದಿದ್ದು ಜನವರಿಯಲ್ಲೇ. ಜನವರಿ 5ರಂದು ಫೆಡ್‌ನ ಡಿಸೆಂಬರ್ ಸಭೆಯ ನಡಾವಳಿ ಬಿಡುಗಡೆ ಆಯ್ತು. ಬಡ್ಡಿ ಏರಿಕೆ ಜನ ಅಂದುಕೊಂಡದ್ದಕ್ಕಿಂತ ಬೇಗ ಬರಬಹುದು, ಕೊಂಡ ಬಾಂಡ್‌ಗಳನ್ನೂ ಕಡಿಮೆ ಮಾಡಬಹುದು ಅನ್ನೋ ಸೂಚನೆ ಅದರಲ್ಲಿತ್ತು. ಅದೇ ದಿನ ನಾಸ್ಡಾಕ್ ಶೇಕಡಾ 3ಕ್ಕೂ ಹೆಚ್ಚು ಬಿತ್ತು, ಬಿಟ್‌ಕಾಯಿನ್ ಕೂಡ ಜೊತೆಯಲ್ಲೇ. ಅಮೆರಿಕಾದ ಎರಡು ವರ್ಷದ ಬಾಂಡಿನ ಬಡ್ಡಿ ವರ್ಷದ ಆರಂಭದಲ್ಲಿ 0.8ರ ಹತ್ತಿರ ಇದ್ದದ್ದು, ಮೊದಲ ಏರಿಕೆಯ ಹೊತ್ತಿಗೆ 1.8 ದಾಟಿತ್ತು. ಅಂದ್ರೆ ಫೆಡ್ ಕಾಲು ಪರ್ಸೆಂಟ್ ಏರಿಸೋ ಮುಂಚೆಯೇ ಪೇಟೆ ಒಂದು ಪರ್ಸೆಂಟ್ ಏರಿಸಿ ಕೂತಿತ್ತು.

ಯಾರಾದ್ರೂ ಬಡ್ಡಿ ಎತ್ತ ಹೋಗ್ತಿದೆ ಅಂತ ಕೇಳಿದ್ರೆ ನಾನು ಈಗ ತೋರಿಸೋದು ಆ ಎರಡು ವರ್ಷದ ಬಾಂಡನ್ನೇ. ಅದು ಕೇಂದ್ರ ಬ್ಯಾಂಕ್ ಮುಂದೆ ಏನು ಮಾಡುತ್ತೆ ಅನ್ನೋದರ ಮೇಲೆ ನಿಜವಾದ ದುಡ್ಡು ಕಟ್ಟಿದವರ ಅಂದಾಜು. ಪೇಟೆ ಅಲ್ಲಾಡೋದು ತೀರ್ಮಾನಕ್ಕಲ್ಲ, ತೀರ್ಮಾನಕ್ಕೂ ಅಂದಾಜಿಗೂ ಇರೋ ಅಂತರಕ್ಕೆ. ಮೇ 4ರ ರಾತ್ರಿ ಫೆಡ್ ಅರ್ಧ ಪರ್ಸೆಂಟ್ ಏರಿಸಿದಾಗ, ಮುಂದಿನ ಸಲ ಮುಕ್ಕಾಲು ಏರಿಸೋ ಯೋಚನೆ ಸದ್ಯಕ್ಕಿಲ್ಲ ಅಂತ ಪೊವೆಲ್ ಸೂಚಿಸಿದ್ರು. ನಾಸ್ಡಾಕ್ ಶೇಕಡಾ 3ರಷ್ಟು ಏರಿತು. ಮಾರನೇ ದಿನ ಸಮಾಧಾನವಾಗಿ ಲೆಕ್ಕ ಹಾಕಿ ನೋಡಿ, ಶೇಕಡಾ 5 ಬಿತ್ತು. ನಮ್ಮ ರಿಸರ್ವ್ ಬ್ಯಾಂಕಿನ ಏರಿಕೆ ಅದಕ್ಕಿಂತ ಚಿಕ್ಕದು. ಆದ್ರೆ ಯಾರೂ ಕಾಯದೇ ಇದ್ದಾಗ ಬಂತು. ಅದಕ್ಕೇ ಸೆನ್ಸೆಕ್ಸ್‌ಗೆ ಆ ಹೊಡೆತ. ಎಲ್‌ಐಸಿ ಷೇರು 949 ರೂಪಾಯಿಗೆ ಕೊಟ್ಟಿದ್ದು ಮೇ 17ರಂದು ಪೇಟೆಗೆ ಬಂದಾಗ 870ರ ಆಸುಪಾಸಿನಲ್ಲಿ ತೆರೆಯಿತು. ಬೆಲೆ ಹೆಚ್ಚಾಯ್ತು ಅನ್ನೋ ದೂರು ಮೊದಲೇ ಇತ್ತು, ಅದರ ಮೇಲೆ ಕಾಲವೂ ಕೆಟ್ಟಿತ್ತು.

ನೀರು ಇಳಿದಾಗ ಕಂಡಿದ್ದು

ಅದೇ ಮೇ ತಿಂಗಳು, ಎರಡನೇ ವಾರ. ಟೆರಾ ಅಂತ ಒಂದು ಕ್ರಿಪ್ಟೋ ವ್ಯವಸ್ಥೆ. ಅದರಲ್ಲಿ ಒಂದು ಕಾಯಿನ್ ಯಾವಾಗಲೂ ಒಂದು ಡಾಲರ್ ಬೆಲೆಯಲ್ಲೇ ಇರುತ್ತೆ ಅನ್ನೋ ಭರವಸೆ. ಅದಕ್ಕೆ ಆಧಾರವಾಗಿ ಪೆಟ್ಟಿಗೆಯಲ್ಲಿ ಡಾಲರ್ ಇಟ್ಟಿದ್ರಾ? ಇಲ್ಲ. ಆಧಾರ ಏನು ಅಂದ್ರೆ ಅವರೇ ಹುಟ್ಟಿಸಿದ ಇನ್ನೊಂದು ಕಾಯಿನ್, ಲೂನಾ. ಡಾಲರ್ ಕಾಯಿನ್ ಬೇಡ ಅಂದವರಿಗೆ ಒಂದು ಡಾಲರ್ ಬೆಲೆಯ ಲೂನಾ ಕೊಡೋದು. ಈ ಡಾಲರ್ ಕಾಯಿನ್ ಇಟ್ಟವರಿಗೆ ವರ್ಷಕ್ಕೆ ಹತ್ತಿರ ಹತ್ತಿರ ಶೇಕಡಾ 20 ಬಡ್ಡಿ ಕೊಡೋ ಒಂದು ಯೋಜನೆ ಇತ್ತು. ಅದರ ಹೆಸರು ಆಂಕರ್. ನಾನೂ ಆಂಕರ್ರೇ, ಆದ್ರೆ 20 ಪರ್ಸೆಂಟ್ ಎಲ್ಲಿಂದ ಬರುತ್ತೆ ಅಂತ ನಾನೂ ಕೇಳಲಿಲ್ಲ, ಅದೂ ಹೇಳಲಿಲ್ಲ.

ಹೊಸಬರ ದುಡ್ಡು ಬರ್ತಾ ಇರೋವರೆಗೆ ಅದು ನಡೀತು. ಮೇ ತಿಂಗಳ ಆ ವಾರ ದೊಡ್ಡ ಮೊತ್ತ ಹಿಂದಕ್ಕೆ ಹೋಗೋಕೆ ಶುರುವಾಯ್ತು. ಹೋಗೋರಿಗೆ ಕೊಡೋಕೆ ಲೂನಾ ಹುಟ್ಟಿಸಿದ್ರು. ಹೆಚ್ಚು ಹುಟ್ಟಿಸಿದಷ್ಟೂ ಅದರ ಬೆಲೆ ಬಿತ್ತು. ಬೆಲೆ ಬಿದ್ದಷ್ಟೂ ಇನ್ನೂ ಹೆಚ್ಚು ಹುಟ್ಟಿಸಬೇಕಾಯ್ತು. ಸುಮಾರು 80 ಡಾಲರ್ ಇದ್ದ ಲೂನಾ ಒಂದು ವಾರದಲ್ಲಿ ಪೈಸೆಗೂ ಕಡೆಯಾಯ್ತು. ಒಟ್ಟು ಸುಮಾರು 40 ಬಿಲಿಯನ್ ಡಾಲರ್ ಮೌಲ್ಯ ಅಳಿಸಿಹೋಯ್ತು.

ಇದನ್ನ ಬಡ್ಡಿ ಏರಿಕೆ ಮಾಡಿತು ಅಂತ ನಾನು ಹೇಳಲ್ಲ. ದೋಷ ಅದರ ರಚನೆಯಲ್ಲೇ ಇತ್ತು. ನಾಲೆ ತುಂಬಿ ಹರಿಯುವಾಗ ಏರಿಯ ಬಿರುಕು ಕಾಣಲ್ಲ, ನೀರು ಇಳಿದಾಗ ಕಾಣುತ್ತೆ.

ಆಮೇಲೆ ಬಂದಿದ್ದು ಸಾಲದ ಸರಪಳಿ. ಇದನ್ನ ನಮ್ಮ ಚಿನ್ನದ ಸಾಲಕ್ಕೆ ಹೋಲಿಸಿ ನೋಡಿ. ನೀವು ಬಳೆ ಅಡ ಇಟ್ಟು ಸಾಲ ತಗೊಂಡಿದ್ದೀರಿ. ಚಿನ್ನದ ಬೆಲೆ ಬಿದ್ರೆ ಕಂಪನಿಯವರು ಫೋನ್ ಮಾಡ್ತಾರೆ, ನೋಟಿಸ್ ಕಳಿಸ್ತಾರೆ, ಆಮೇಲೆ ಹರಾಜು. ಕ್ರಿಪ್ಟೋದಲ್ಲಿ ಅಡ ಇಟ್ಟಿದ್ದು 100 ಡಾಲರ್ ಬಿಟ್‌ಕಾಯಿನ್, ತಗೊಂಡ ಸಾಲ 50 ಡಾಲರ್ ಅಂತಿಟ್ಕೊಳ್ಳಿ. ಬೆಲೆ 100ರಿಂದ 65ಕ್ಕೆ ಇಳಿದ್ರೆ ಫೋನೂ ಇಲ್ಲ, ನೋಟಿಸೂ ಇಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಆ್ಯಪ್ ತಾನೇ ಮಾರಿಬಿಡುತ್ತೆ. ಹಾಗೆ ಮಾರಿದ್ದರಿಂದ ಬೆಲೆ ಇನ್ನೂ ಇಳೀತದೆ, ಪಕ್ಕದವನ ಅಡವೂ ಮಾರಾಟ ಆಗುತ್ತೆ. ಒಂದರ ಹಿಂದೆ ಒಂದು.

ಜೂನ್ 10ರಂದು ಅಮೆರಿಕಾದ ಹಣದುಬ್ಬರ 8.6 ಅಂತ ಬಂತು, ಇಳಿಯಬಹುದು ಅಂದುಕೊಂಡಿದ್ದು ಏರಿತ್ತು. ಎರಡೇ ದಿನಕ್ಕೆ ಸೆಲ್ಸಿಯಸ್ ಅನ್ನೋ ಕ್ರಿಪ್ಟೋ ಸಾಲದ ಕಂಪನಿ ಗ್ರಾಹಕರು ದುಡ್ಡು ತೆಗೆಯೋದನ್ನ ನಿಲ್ಲಿಸಿತು. ಜೂನ್ 15ರಂದು ಫೆಡ್ ಮುಕ್ಕಾಲು ಪರ್ಸೆಂಟ್ ಏರಿಸಿತು, ಮೇ ತಿಂಗಳಲ್ಲಿ ಯೋಚನೆಯೇ ಇಲ್ಲ ಅಂದಿದ್ದ ಅದೇ ಮುಕ್ಕಾಲು. ಜೂನ್ 18ಕ್ಕೆ ಬಿಟ್‌ಕಾಯಿನ್ 20,000 ಡಾಲರ್‌ಗಿಂತ ಕೆಳಗೆ. ನಮ್ಮ ಹುಡುಗನ ಎರಡು ಲಕ್ಷ ಆಗ ಸುಮಾರು ಅರವತ್ತೈದು ಸಾವಿರ. ಡಾಲರ್ ಎದುರು ರೂಪಾಯಿ ಇಳಿದಿದ್ದರಿಂದ ಅಷ್ಟಾದ್ರೂ ಉಳೀತು.

ಆಗಸ್ಟ್ 26ರಂದು ಇನ್ನೊಂದು ಪಾಠ ಆಯ್ತು. ಜಾಕ್ಸನ್ ಹೋಲ್ ಅನ್ನೋ ಗುಡ್ಡಗಾಡಿನ ಊರಲ್ಲಿ ಕೇಂದ್ರ ಬ್ಯಾಂಕಿನವರೆಲ್ಲ ವರ್ಷಕ್ಕೊಮ್ಮೆ ಸೇರ್ತಾರೆ. ಪೊವೆಲ್ ಹತ್ತು ನಿಮಿಷವೂ ಮಾತಾಡಲಿಲ್ಲ. ಕುಟುಂಬಗಳಿಗೂ ಉದ್ಯಮಗಳಿಗೂ ನೋವಾಗುತ್ತೆ, ಆದ್ರೂ ನಾವು ನಿಲ್ಲಿಸಲ್ಲ ಅನ್ನೋದು ಅದರ ಸಾರ. ಬಡ್ಡಿ ಅವತ್ತು ಒಂದು ಪೈಸೆ ಏರಿಲ್ಲ. ಡೌ ಜೋನ್ಸ್ ಸಾವಿರ ಅಂಶ ಬಿತ್ತು, ನಾಸ್ಡಾಕ್ ಶೇಕಡಾ 4ರ ಹತ್ತಿರ ಬಿತ್ತು. ಸೋಮವಾರ ಬೆಳಗ್ಗೆ ಮುಂಬೈ ಬಾಗಿಲು ತೆರೆದಾಗ ನಮ್ಮಲ್ಲೂ ಪ್ರತಿಧ್ವನಿ ಕೇಳಿಸಿತು, ಸೆನ್ಸೆಕ್ಸ್ 800ಕ್ಕೂ ಹೆಚ್ಚು ಅಂಶ ಇಳೀತು.

ನಮ್ಮ ಪೇಟೆ ಯಾಕೆ ಮುಳುಗಲಿಲ್ಲ?

ವರ್ಷದ ಕೊನೆಗೆ ಲೆಕ್ಕ ಹೀಗಿತ್ತು. ಫೆಡ್ ಬಡ್ಡಿ ಸೊನ್ನೆಯಿಂದ ಸುಮಾರು ನಾಲ್ಕೂವರೆಗೆ. ನಾಸ್ಡಾಕ್ ಮೂರನೇ ಒಂದು ಭಾಗ ಕಳ್ಕೊಂಡಿತ್ತು. ಬಿಟ್‌ಕಾಯಿನ್ ಆ ಒಂದು ವರ್ಷದಲ್ಲಿ ಶೇಕಡಾ 60ಕ್ಕೂ ಹೆಚ್ಚು. ಆದ್ರೆ ಸೆನ್ಸೆಕ್ಸ್? ಸುಮಾರು ಶೇಕಡಾ 4 ಏರಿತ್ತು!

ಇದು ಪವಾಡ ಅಲ್ಲ. ಅಮೆರಿಕಾದಲ್ಲೇ ಒಳ್ಳೆ ಬಡ್ಡಿ ಸಿಗೋವಾಗ ಇಲ್ಯಾಕೆ ಇರಬೇಕು ಅಂತ ವಿದೇಶಿ ಹೂಡಿಕೆದಾರರು ಆ ವರ್ಷ ನಮ್ಮ ಷೇರುಪೇಟೆಯಿಂದ ನಿವ್ವಳ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಿಂದಕ್ಕೆ ತಗೊಂಡ್ರು. ರೂಪಾಯಿ ಡಾಲರಿಗೆ 74ರಿಂದ 82-83ಕ್ಕೆ ಕುಸೀತು. ಅವರು ಮಾರಿದ್ದನ್ನ ಕೊಂಡವರು ಯಾರು? ಹುಬ್ಬಳ್ಳಿಯ ಮೇಷ್ಟ್ರು, ಶಿವಮೊಗ್ಗದ ಮೆಡಿಕಲ್ ಸ್ಟೋರ್‌ನವರು, ತಿಂಗಳಿಗೆ ಎರಡು ಸಾವಿರ ಎಸ್‌ಐಪಿ ಕಟ್ಟೋ ಜನ. 2022ರ ಅಕ್ಟೋಬರ್‌ನಲ್ಲಿ ದೇಶದ ಎಸ್‌ಐಪಿ ಮೊತ್ತ ತಿಂಗಳಿಗೆ 13,000 ಕೋಟಿ ದಾಟಿತ್ತು. ನಾಲೆ ನೀರು ನಿಂತ್ರೂ ಈ ಗದ್ದೆಗೆ ಊರ ಕೆರೆ ಇತ್ತು. ಬಿಟ್‌ಕಾಯಿನ್‌ಗೆ ಅಂಥ ಕೆರೆ ಇರಲಿಲ್ಲ. ಜೊತೆಗೆ ನಮ್ಮಲ್ಲಿ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇಕಡಾ 30 ತೆರಿಗೆ, ಜುಲೈನಿಂದ ಪ್ರತಿ ಮಾರಾಟಕ್ಕೆ ಶೇಕಡಾ 1 ಟಿಡಿಎಸ್ ಬಂದಿತ್ತು.

ಆದ್ರೆ ನಾವೂ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಆ ಏಪ್ರಿಲ್‌ನಲ್ಲಿ ಇಲ್ಲಿನ ಚಿಲ್ಲರೆ ಹಣದುಬ್ಬರ 7.79 ಇತ್ತು, ರಿಸರ್ವ್ ಬ್ಯಾಂಕಿನ ಮಿತಿ 6. 2023ರ ಫೆಬ್ರವರಿ ಹೊತ್ತಿಗೆ ರೆಪೋ ದರ 6.50 ಆಯ್ತು. ಷೇರು ಮುಟ್ಟದವನೂ ಮನೆ ಸಾಲದ ಇಎಂಐ ರೂಪದಲ್ಲಿ ಅದರ ಪಾಲು ಕಟ್ಟಿದ.

ಈ ಲೆಕ್ಕ ಕೈಕೊಡೋದು ಎಲ್ಲಿ?

ಇಷ್ಟು ಕೇಳಿದ ಮೇಲೆ ಬಡ್ಡಿ ಹೆಚ್ಚಿದ್ರೆ ಷೇರು, ಕ್ರಿಪ್ಟೋ ಬೀಳುತ್ತೆ ಅಂತ ಒಂದೇ ಸಾಲಿನಲ್ಲಿ ಬರೆದಿಟ್ಕೋಬೇಡಿ. ಮುಂದಿನ ವರ್ಷವೇ ಅದು ಸುಳ್ಳಾಯ್ತು. 2023ರ ಜುಲೈ ತನಕ ಫೆಡ್ ಏರಿಸ್ತಾನೇ ಹೋಗಿ ಬಡ್ಡಿಯನ್ನ ಐದೂಕಾಲು, ಐದೂವರೆಯ ಮಟ್ಟಕ್ಕೆ ತಂತು. ಆದ್ರೆ ಆ ವರ್ಷ ನಾಸ್ಡಾಕ್ ಶೇಕಡಾ 40ಕ್ಕೂ ಹೆಚ್ಚು ಏರಿತು, ಬಿಟ್‌ಕಾಯಿನ್ ಎರಡು ಪಟ್ಟಿಗೂ ಮೀರಿ ಏರಿತು. ಯಾಕೆ? ಹಣದುಬ್ಬರ ಇಳೀತಿತ್ತು, ಏರಿಕೆಯ ಕೊನೆ ಕಣ್ಣಿಗೆ ಕಾಣ್ತಿತ್ತು. ಬಡ್ಡಿ ಎಷ್ಟಿದೆ ಅನ್ನೋದಕ್ಕಿಂತ ಎತ್ತ ಹೋಗ್ತಿದೆ, ಜನ ಅಂದುಕೊಂಡಷ್ಟೇನಾ ಅನ್ನೋದು ಮುಖ್ಯ. ಬೇರೆ ಕಾರಣಗಳೂ ಸೇರ್ಕೊಳ್ತವೆ. 2024ರ ಜನವರಿಯಲ್ಲಿ ಅಮೆರಿಕಾ ಬಿಟ್‌ಕಾಯಿನ್ ಇಟಿಎಫ್‌ಗಳಿಗೆ ಒಪ್ಪಿಗೆ ಕೊಟ್ಟಿತು, ಮಾರ್ಚ್‌ನಲ್ಲಿ ಅದು 2021ರ ದಾಖಲೆ ಮುರೀತು. ಬಡ್ಡಿ ಆಗ ಇನ್ನೂ ತುದಿಯಲ್ಲೇ ಇತ್ತು.

ಹಾಗಾದ್ರೆ ನಮ್ಮ ಹುಡುಗ? ಅವನು ಅಲ್ಲಿವರೆಗೆ ಕಾದಿದ್ರೆ ಹಾಕಿದ ದುಡ್ಡು ವಾಪಸ್ ಬಂದು ಮೇಲೂ ಸಿಗ್ತಿತ್ತು. ಕಾಯಲಿಲ್ಲ. ಕಾಯೋಕೆ ಆಗಲಿಲ್ಲ. ಅದು ಬೋರ್‌ವೆಲ್ ದುಡ್ಡು, ಊರಲ್ಲಿ ಕಬ್ಬು ಒಣಗ್ತಿತ್ತು. 2022ರ ಜುಲೈನಲ್ಲಿ ಸಿಕ್ಕಷ್ಟಕ್ಕೆ ಮಾರಿದ, ಉಳಿದಿದ್ದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದ. ಹತ್ತು ವರ್ಷದ ಮಾತಿಗೆ ಅವನು ಕೊಟ್ಟಿದ್ದು ಮುಂದಿನ ಬೇಸಿಗೆಗೆ ಬೇಕಾದ ದುಡ್ಡು. ಬೆಲೆ ಬಿದ್ದಿದ್ದು ಫೆಡ್‌ನಿಂದ ಇರಬಹುದು, ಆದ್ರೆ ನಷ್ಟ ಆಗಿದ್ದು ಈ ಹೊಂದಾಣಿಕೆ ಇಲ್ಲದಿದ್ದರಿಂದ.

ಆ ಅತಿಥಿಗೆ ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ. ಹಣದುಬ್ಬರ ಏರಿದ್ರೆ ಕೇಂದ್ರ ಬ್ಯಾಂಕ್ ಸುಮ್ಮನೆ ಕೂರುತ್ತಾ ಸ್ವಾಮಿ? ಅಷ್ಟು ಕೇಳಿದ್ದಿದ್ರೆ ಅರ್ಧ ಗಂಟೆಯ ಕಾರ್ಯಕ್ರಮ ಐದು ನಿಮಿಷಕ್ಕೆ ಮುಗೀತಿತ್ತು.

ಮೊನ್ನೆ ಇದನ್ನೆಲ್ಲ ಬರೆದು ಅವನಿಗೇ ಮೊದಲು ಓದೋಕೆ ಕೊಟ್ಟೆ. ಓದಿ ನಕ್ಕ. "ಸಾರ್, ಟೇಲ್ ಎಂಡ್ ಗದ್ದೆಯವನಿಗೆ ಗೇಟಿನ ಮೇಲೆ ಕಣ್ಣಿಡು ಅಂತ ನಮ್ಮಪ್ಪ ಮೊದಲಿಂದ್ಲೂ ಹೇಳ್ತಾನೇ ಇದ್ರು" ಅಂದ. ಈಗ ಅವನ ಫೋನಿನಲ್ಲಿ ಕಾಯಿನ್ ಆ್ಯಪ್ ಇಲ್ಲ. ಫೆಡ್ ಸಭೆಯ ತಾರೀಕು ಮಾತ್ರ ಗುರುತು ಹಾಕಿಟ್ಟಿದ್ದಾನೆ, ಆ ರಾತ್ರಿ ನನಗೆ ಡ್ಯೂಟಿ ಇದ್ದರೆ ಅವನೇ ನೆನಪಿಸ್ತಾನೆ.